ಕಡೇ ಪಂಕ್ತಿಯ ಮಾತು

ಬೈಲಹೊಂಗಲದ ಆ ದಿನಪತ್ರಿಕೆಗೆ ಇದ್ದದ್ದು ನಾಲ್ಕೇ ಪುಟ. ವರದಿಗಾರರಿಗೋ ನಲವತ್ತು ಪುಟದ ಹುಮ್ಮಸ್ಸು. ಸವದತ್ತಿಯ ಗೌರೀಶನಂತೂ ಎಮ್ಮೆ ಕಳೆದ ಸುದ್ದಿಯನ್ನೂ ಊರಿನ ಪುರಾಣದಿಂದ ಶುರು ಮಾಡುವವ. ಅವನ ಫ್ಯಾಕ್ಸ್ ಬರತೊಡಗಿದರೆ ಕಾಗದದ ಸುರುಳಿಯೇ ತೀರುತ್ತಿತ್ತು. ಅದನ್ನು ಕತ್ತರಿಸುವ ಕೆಲಸ ಉಪಸಂಪಾದಕಿ ಅನ್ನಪೂರ್ಣಾಳದು. ಬೈದುಕೊಳ್ಳುತ್ತಲೇ ಓದುತ್ತಿದ್ದಳು.

ಅವಳಿಗೆ ಕೆಲಸ ಕಲಿಸಿದವರು ಸಂಪಾದಕ ಮಹಾಂತಪ್ಪನವರು. ಸಂಪಗಾಂವದ ಊಟಪ್ರಿಯರು, ಪತ್ರಿಕಾಧರ್ಮವನ್ನೂ ಊಟದ ಮಾತಿನಲ್ಲೇ ಹೇಳುವವರು. ಹೊಸದರಲ್ಲಿ ಅವಳು ಸುದ್ದಿಯೊಂದರ ಬಾಲವನ್ನು, ಅದರಲ್ಲಿದ್ದ ಆರೋಪ ಹೊತ್ತವನ ಉತ್ತರದ ಸಮೇತ, ಕತ್ತರಿಸಿದ್ದನ್ನು ಕಂಡು ಕರೆದು ಕೂರಿಸಿದ್ದರು.

"ತಂಗಿ, ಬೈಸಿಕೊಂಡವನ ಉತ್ತರಾನ ಕಡೀ ಪಂಕ್ತ್ಯಾಗ ಕುಂದ್ರಸಬ್ಯಾಡ. ಅವನ ಪಾಳಿ ಬರೂದರಾಗ ಹೋಳಿಗಿ ತೀರಿರತಾವ. ಬೈದವನ ಮಗ್ಗಲದಾಗ ಕುಂದ್ರಸು."

ಆ ಮಾತಿಗೆ ಅವಳು ಆಗ ನಕ್ಕಿದ್ದಳು.

೧೯೯೯ರ ಮಳೆಗಾಲದ ಒಂದು ಸಂಜೆ ಗೌರೀಶನ ಸುದ್ದಿ ಬಂತು. ಮನೋಳಿ ಕಡೆಯ ಒಂದು ಹಳ್ಳಿಯಲ್ಲಿ ವಾಂತಿ–ಭೇದಿಯಾಗಿ ನಲವತ್ತೆರಡು ಜನ ಆಸ್ಪತ್ರೆ ಸೇರಿದ್ದರು. ನೀರು ಬಿಡುವ ವಾಟರ್‌ಮನ್ ಭರಮಪ್ಪ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿರಲಿಲ್ಲ ಎಂದು ಊರವರು ರೇಗಿದ್ದರು. ಅವನನ್ನು ಕೆಲಸದಿಂದ ತೆಗೆಯಲು ಮರುದಿನವೇ ಪಂಚಾಯಿತಿ ಸಭೆ. ಎರಡು ಕಾಲಂ ತುಂಬುವಷ್ಟು ಬರಹ. ಅದನ್ನು ಪುಟದಲ್ಲಿ ಕೂರಿಸುವಷ್ಟರಲ್ಲಿ ಒಂದು ಟೆಂಡರ್ ಜಾಹೀರಾತು ಬಂದು ಅರ್ಧ ಜಾಗ ನುಂಗಿತು.

ಅನ್ನಪೂರ್ಣಾ ಫೋನ್ ಮಾಡಿದಳು. "ಗೌರೀಶ, ಅರ್ಧ ಮಾಡಬೇಕಾಗೇತಿ."

"ಕೆಳಗಿಂದ ಕತ್ತರಿಸಿ ಬಿಡ್ರಿ ಅಕ್ಕಾರ. ಜೀವ ಎಲ್ಲಾ ಮ್ಯಾಲೇ ಐತಿ!"

ಅವಳು ಕೆಳಗೆ ನೋಡಿದಳು. ಕಟ್ಟಕಡೆಯ ಪ್ಯಾರಾದಲ್ಲಿ ಭರಮಪ್ಪನ ಮಾತಿತ್ತು: ಪೌಡರ್ ಕೊಡಿ ಎಂದು ಎರಡು ಸಲ ಕೇಳಿದ್ದೆ, ಕೊಡಲಿಲ್ಲ. ಅದರ ಹಿಂದೆಯೇ, ಪೌಡರ್ ದಾಸ್ತಾನಿತ್ತು ಎಂಬ ಪಂಚಾಯಿತಿ ಕಾರ್ಯದರ್ಶಿಯ ಮಾತು. ನೀರಿನ ಮಾದರಿ ಪರೀಕ್ಷೆಗೆ ಹೋಗಿದೆ ಎಂಬ ವೈದ್ಯರ ಮಾತು. ಕೆಳಗಿನಿಂದ ಕತ್ತರಿಸಿದರೆ ಉಳಿಯುವುದು ಬರೀ ಬೈಗುಳ. ನಾಳೆ ಸಭೆಯಲ್ಲಿ ಅದನ್ನೇ ಓದುತ್ತಾರೆ.

ಪೆನ್ನು ಹಿಡಿದಳು. ಭೇಟಿ ಕೊಟ್ಟ ಗಣ್ಯರ ಹೆಸರುಗಳ ಮೆರವಣಿಗೆ ಹೋಯಿತು. ಟ್ಯಾಂಕಿನ ಇತಿಹಾಸ ಹೋಯಿತು. ಮೂವರು ಒಂದೇ ಸಿಟ್ಟನ್ನು ಮೂರು ಥರ ಹೇಳಿದ್ದರು, ಒಂದು ಉಳಿಯಿತು. "ಹೃದಯ ಕಲಕುವ ಆಕ್ರಂದನ" ಹೋಗುವಾಗ ಗೌರೀಶನ ಮುಖ ನೆನಪಾಗಿ ಅಯ್ಯೋ ಅನ್ನಿಸಿತು, ಆದರೂ ಹೋಯಿತು. ಎಷ್ಟು ಜನ, ಎಲ್ಲಿ ಚಿಕಿತ್ಸೆ, ಸಾವಿಲ್ಲ, ನೀರು ಕುದಿಸಿ ಕುಡಿಯಿರಿ, ಇವೆಲ್ಲ ಉಳಿದವು. "ವಾಟರ್‌ಮನ್ ನಿರ್ಲಕ್ಷ್ಯಕ್ಕೆ ೪೨ ಜನ ಅಸ್ವಸ್ಥ" ಎಂಬ ತಲೆಬರಹ "ವಾಂತಿ–ಭೇದಿ: ೪೨ ಜನ ಆಸ್ಪತ್ರೆಗೆ, ನೀರಿನ ಪರೀಕ್ಷೆ" ಎಂದಾಯಿತು. ಎರಡನೇ ಪ್ಯಾರಾ ಹೀಗಾಯಿತು:

"ಟ್ಯಾಂಕಿಗೆ ಪೌಡರ್ ಹಾಕಿರಲಿಲ್ಲ ಎಂದು ಗ್ರಾಮಸ್ಥರು ದೂರಿದರೆ, ಎರಡು ಸಲ ಕೇಳಿದರೂ ಕೊಡಲಿಲ್ಲ ಎಂದು ವಾಟರ್‌ಮನ್ ಭರಮಪ್ಪ ಹೇಳಿದ್ದಾರೆ. ದಾಸ್ತಾನು ಇತ್ತು ಎಂದು ಕಾರ್ಯದರ್ಶಿ ತಿಳಿಸಿದ್ದಾರೆ. ಕಾರಣ ಇನ್ನೂ ಖಚಿತವಾಗಿಲ್ಲ."

ಯಾರ ಪರವೂ ವಾದಿಸಲಿಲ್ಲ. ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಳು, ಅಷ್ಟೆ.

ಮುಂದಿನ ವಾರ ಒಬ್ಬ ಬಡಕಲು ಮನುಷ್ಯ ಮಗಳು ಪ್ರಜ್ಞಾಳೊಂದಿಗೆ ಕಚೇರಿಗೆ ಬಂದ. ಭರಮಪ್ಪ. ಸಭೆಯಲ್ಲಿ ಪೇಪರ್ ಓದಿದರಂತೆ. ಪರೀಕ್ಷೆಯ ವರದಿ ಬರುವ ತನಕ ತಡೆಯೋಣ ಅಂದರಂತೆ. ವರದಿ ಬಂತು: ಒಡೆದ ಪೈಪಿಗೆ ಚರಂಡಿ ನೀರು ಸೇರಿತ್ತು. ಪತ್ರಿಕೆ ಅದನ್ನೂ ಹಾಕಿತ್ತು.

"ನಂದ ಖರೇ ಅಂತ ನೀವು ಬರದಿಲ್ಲರಿ ಅಕ್ಕಾರ," ಅಂದ ಭರಮಪ್ಪ. "ಆದ್ರ ನನ್ನ ಮಾತೂ ಅವರ ಮಾತಿನ ಮಗ್ಗಲದಾಗ ಇತ್ತು. ನಮ್ಮ ಮಂದಿನ್ನ ಹಂಗ ಯಾರ ಕುಂದ್ರಸ್ತಾರ್ರಿ?"

ಊರ ಊಟದ ಪಂಕ್ತಿಯಲ್ಲಿ ಎಂದೂ ಜಾಗ ಸಿಗದ ಅವನಿಗೆ ಪಂಕ್ತಿಯ ಮಾತು ಬರೀ ಮಾತಲ್ಲ ಎಂದು ಅನ್ನಪೂರ್ಣಾಳಿಗೆ ಆಗ ಹೊಳೆಯಿತು. "ಹಂಗ ಕಲಿಸಿದವರು ಅಲ್ಲಿ ಕುಂತಾರ ನೋಡ್ರಿ," ಎಂದು ಮಹಾಂತಪ್ಪನವರತ್ತ ಕೈ ತೋರಿದಳು. ಆ ಹಿರಿಯರು ಕಡಲೆ ಮೆಲ್ಲುತ್ತ ಏನೂ ಕೇಳಿಸದವರಂತೆ ಕೂತಿದ್ದರು.

ಕೆಲವು ವರ್ಷಗಳ ಮೇಲೆ ಪ್ರಜ್ಞಾಳ ಮದುವೆಗೆ ಕರೆ ಬಂತು. ಅನ್ನಪೂರ್ಣಾ, ಮಹಾಂತಪ್ಪನವರು ಇಬ್ಬರೂ ಹೋದರು. ಊರ ಹೊರಗಿನ ಆ ಕೇರಿಯಲ್ಲಿ ಊಟಕ್ಕೆ ಕೂರುವುದಾ ಎಂದು ಸಂಪಗಾಂವದಲ್ಲಿ ಕೆಲವರು ಮೂಗು ಮುರಿದರಂತೆ. ಮಹಾಂತಪ್ಪನವರು ಎರಡನೇ ಸಲ ಹುಗ್ಗಿ ಹಾಕಿಸಿಕೊಂಡರು. ಭರಮಪ್ಪ ಸೌಟು ಹಿಡಿದು ಓಡಾಡುತ್ತಲೇ ಇದ್ದ.

"ನೀವೂ ಕುಂದರ್ರಿ, ಅಣ್ಣಾರ," ಎಂದಳು ಅನ್ನಪೂರ್ಣಾ.

"ನಾ ಕಡೀಕ ಕುಂದ್ರತೇನ್ರಿ. ಈಗ ಜಾಗಾ ಎಲ್ಲೈತ್ರಿ?"

ತುಂಬಿದ್ದರಲ್ಲಿ ಜಾಗ ಮಾಡುವುದೇ ಅವಳು ಇಷ್ಟು ವರ್ಷ ಮಾಡಿದ ಕೆಲಸ. ತನ್ನ ಎಲೆಯನ್ನು ಒಂದಿಷ್ಟು ಪಕ್ಕಕ್ಕೆ ಎಳೆದುಕೊಂಡಳು, ಮಹಾಂತಪ್ಪನವರು ಅತ್ತ ಸರಿದರು. ನಡುವೆ ಭರಮಪ್ಪ ಬಂದು ಕೂತ.