ರೊಟ್ಟಿ ಕೇಂದ್ರದ ಮಾಲೀಕರು ಯಾರು?

ಕುರುಗೋಡಿನ ಹಂಪಮ್ಮ ಮೊದಲು ಪರರ ಮದುವೆಗಳಲ್ಲಿ ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಈಗ ಅವಳ ಮನೆಯ ಹಿಂದೆ ತಗಡಿನ ಶೆಡ್ಡು, ನಾಲ್ಕು ಒಲೆ, ಕೂಲಿಗೆ ಐವರು ಹೆಂಗಸರು. ಅವಳ ಖಡಕ್ ರೊಟ್ಟಿ ಬಳ್ಳಾರಿಯ ಹಾಸ್ಟೆಲ್ಲುಗಳಿಗೂ ಸಿರುಗುಪ್ಪದ ಕಿರಾಣಿ ಅಂಗಡಿಗಳಿಗೂ ಹೋಗುತ್ತದೆ. ಹಿಟ್ಟಿನ ಹದ ಅವಳ ಅಂಗೈಗೆ ಮೊದಲು ತಿಳಿಯುತ್ತದೆ, ಆಮೇಲೆ ಅವಳಿಗೆ.

ಶೆಡ್ಡಿನ ಮುಂದಿನ ಬೋರ್ಡಿನಲ್ಲಿ ಮಾತ್ರ ‘ವೀರಭದ್ರ ರೊಟ್ಟಿ ಕೇಂದ್ರ, ಮಾಲೀಕರು: ವೀರಭದ್ರ’ ಎಂದಿದೆ. ವೀರಭದ್ರ ಅವಳ ಗಂಡ. ಕಟ್ಟಿದ ರೊಟ್ಟಿಯನ್ನು ಗಾಡಿಯ ಮೇಲೆ ಹೇರಿಕೊಂಡು ಹೋಗಿ ಅಂಗಡಿಗಳಿಗೆ ಕೊಡುವುದು, ಕೊಟ್ಟಲ್ಲೆಲ್ಲ ಚಹಾ ಕುಡಿಯುವುದು, ಕುಡಿದಲ್ಲೆಲ್ಲ ತನ್ನ ವಿಸಿಟಿಂಗ್ ಕಾರ್ಡು ಹಂಚುವುದು ಅವನ ಪಾಲಿನ ದುಡಿಮೆ. ಮನೆಯಲ್ಲಿ ಕೂತಾಗ ಅವನು ವ್ಯವಹಾರದ ಬಗ್ಗೆ ಚಿಂತಿಸುತ್ತಿದ್ದ. ಚಿಂತಿಸುವಾಗ ಕಣ್ಣು ಮುಚ್ಚಿರುತ್ತಿತ್ತು.

2024ರ ಜೂನ್‌ನಲ್ಲಿ ರೊಟ್ಟಿ ಒತ್ತುವ ಯಂತ್ರಕ್ಕೆ ಸಾಲ ಕೇಳಿದಾಗ ಬ್ಯಾಂಕಿನವರು ಹೋದ ವರ್ಷದ ಆದಾಯ ತೆರಿಗೆ ರಿಟರ್ನ್ ತರಲು ಹೇಳಿದರು. ಈ ಮನೆಯಿಂದ ಇದುವರೆಗೆ ಯಾರೂ ರಿಟರ್ನ್ ಸಲ್ಲಿಸಿರಲಿಲ್ಲ. ರಿಟರ್ನ್ ಯಾರ ಹೆಸರಿನಲ್ಲೋ ಸಾಲ ಅವರಿಗೆ, ಯಂತ್ರವೂ ಅವರದು.

“ನನ್ನ ಹೆಸರಿಗಿ ಮಾಡಸ್ರಿ,” ಎಂದಳು ಹಂಪಮ್ಮ. ತನಗೆಂದು ಅವಳು ಏನನ್ನಾದರೂ ಕೇಳಿದ್ದು ಬಹುಶಃ ಅದೇ ಮೊದಲು.

“ನಿನ್ನ ಹೆಸರು ಯಾಕಬೇ? ನಿನ್ನ ಬೆರಳಚ್ಚು ಎಲ್ಲಾ ರೊಟ್ಟಿ ಮ್ಯಾಲೂ ಐತಲ್ಲ!” ಎಂದು ನಕ್ಕು ವೀರಭದ್ರ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬಳ್ಳಾರಿಗೆ ಬಸ್ಸು ಹತ್ತಿದ.

ಬಳ್ಳಾರಿಯ ಲೆಕ್ಕಪರಿಶೋಧಕ ವಿಜಯಕುಮಾರ ಸಿರುಗುಪ್ಪದವನು, ಅಕ್ಕಿ ಗಿರಣಿಗಳ ಲೆಕ್ಕ ನೋಡಿ ನೋಡಿ ಮುಗುಳ್ನಗೆಯನ್ನೂ ಮಿತವಾಗಿ ಬಳಸುತ್ತಿದ್ದ. ಯಾವ ಕೆಲಸವನ್ನೂ ಪತ್ರವಿಲ್ಲದೆ ಒಪ್ಪಿಕೊಳ್ಳುವುದಿಲ್ಲ. ಆ ಪತ್ರವನ್ನು ಕನ್ನಡದಲ್ಲೇ ಬರೆಸುತ್ತಾನೆ. ಇಂಗ್ಲಿಷಿನಲ್ಲಿದ್ದರೆ ಜನ ಓದದೆ ಸಹಿ ಹಾಕುತ್ತಾರೆ, ಕನ್ನಡದಲ್ಲಿದ್ದರೆ ಓದಿ ಹೆದರುತ್ತಾರೆ, ಹೆದರಿದವರು ಕಾಗದಪತ್ರ ಸರಿಯಾಗಿ ತರುತ್ತಾರೆ ಎಂಬುದು ಅವನ ಅನುಭವ.

ವೀರಭದ್ರ ಪತ್ರದ ಎರಡು ಪ್ರತಿ ಹಿಡಿದುಕೊಂಡು ಬಂದ. ಒಂದಕ್ಕೆ ಸಹಿ ಹಾಕಿ ಹಿಂತಿರುಗಿಸಬೇಕು, ಇನ್ನೊಂದು ಮನೆಗೆ. ಡಿಗ್ರಿ ಓದುವ ಮಗಳು ಅಕ್ಷಿತಾ ಶೆಡ್ಡಿನಲ್ಲೇ ಗಟ್ಟಿಯಾಗಿ ಓದಿದಳು. ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಸದ್ದು ಮಾತ್ರ ತಗ್ಗಿಸಿದರು.

“ಶ್ರೀ ವೀರಭದ್ರ ಅವರಿಗೆ. ನಿಮ್ಮ ವ್ಯಾಪಾರದ ಮೊದಲ ಆದಾಯ ತೆರಿಗೆ ರಿಟರ್ನ್ ಸಿದ್ಧಪಡಿಸಿ ಸಲ್ಲಿಸುವ ಕೆಲಸವನ್ನು ಈ ಕೆಳಗಿನ ಷರತ್ತುಗಳ ಮೇಲೆ ಒಪ್ಪಿಕೊಂಡಿದ್ದೇವೆ. ಬೇಕಾದ ದಾಖಲೆಗಳು: ಪ್ಯಾನ್, ಆಧಾರ್, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಎಲ್ಲ ಬ್ಯಾಂಕ್ ಖಾತೆಗಳ ವಿವರ, ಮಾರಾಟದ ಚೀಟಿ, ನಗದು ಬೇರೆ, ಫೋನಿನಲ್ಲಿ ಬಂದದ್ದು ಬೇರೆ, ಜೋಳ, ಕಟ್ಟಿಗೆ, ಕೂಲಿಯ ಖರ್ಚು, ಮಾರ್ಚ್ ಕೊನೆಗೆ ಉಳಿದ ಸರಕು. ದಾಖಲೆಗಳು ಹತ್ತು ದಿನದೊಳಗೆ ಬರಬೇಕು. ಎಲ್ಲ ಬಂದ ಮೇಲೆ ಹತ್ತು ದಿನದಲ್ಲಿ ಕರಡು ಕೊಡುತ್ತೇವೆ. ನೀವು ಒಪ್ಪಿದ ನಂತರ, ಜುಲೈ 31ರೊಳಗೆ ಸಲ್ಲಿಕೆ. ಲೆಕ್ಕ ತಪಾಸಣೆ, ಜಿಎಸ್‌ಟಿ ಮತ್ತು ಇಲಾಖೆಯ ನೋಟಿಸಿಗೆ ಉತ್ತರ ಕೊಡುವುದು ಈ ಕೆಲಸದಲ್ಲಿ ಸೇರಿಲ್ಲ.”

“ಕೊನೀ ಹಾಳಿ ಬಿಡು, ಎಲ್ಲಾ ಕಾಗದದಾಗೂ ಇರೋದ ಅದು,” ಎಂದ ವೀರಭದ್ರ.

ಚೀಟಿಗಳೆಲ್ಲ ಹಂಪಮ್ಮನ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ತಿಂಗಳಿಗೊಂದು ಗಂಟು, ಗಂಟಿಗೊಂದು ಬಣ್ಣದ ದಾರ. ಅವಳು ಮೂರು ದಿನ ಕೂತು ವಿಂಗಡಿಸಿದಳು. ವೀರಭದ್ರ ಆ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ತಾನೇ ಹೆತ್ತವನಂತೆ, ಮತ್ತೆ ಬಳ್ಳಾರಿಗೆ ಹೋದ.

ವಿಜಯಕುಮಾರ ಪೆನ್ನು ತೆಗೆದ. “ಮಾರ್ಚ್ ಮೂವತ್ತೊಂದಕ್ಕ ಎಷ್ಟು ಜೋಳ ಉಳಿದಿತ್ತು?”

“ತಡೀರಿ ಸಾರ್.” ವೀರಭದ್ರ ಹೆಂಡತಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದ. “ಏ, ಜೋಳ ಎಷ್ಟಿತ್ತು?”

“ಮೂರು ಚೀಲ. ಒಂದು ಅರ್ಧ ಖಾಲಿ,” ಎಂದಿತು ಫೋನು, ಹಿಂದೆ ರೊಟ್ಟಿ ಬಡಿಯುವ ಸದ್ದಿನೊಂದಿಗೆ.

“ಕೂಲಿ ವಾರಕ್ಕೋ, ರೊಟ್ಟಿ ಲೆಕ್ಕಕ್ಕೋ?”

“ಏ, ಕೂಲಿ ಹೆಂಗ ಕೊಡ್ತೀವಿ ನಾವು?”

“ನೂರು ರೊಟ್ಟಿಗಿ ಇಷ್ಟಂತ ನಾನು ಕೊಡ್ತೀನಿ. ನೀವು ಯಾವಾಗ ಕೊಟ್ಟೀರಿ?”

ಹಾಸ್ಟೆಲ್ಲಿನ ದರ, ಮುರಿದ ರೊಟ್ಟಿಯ ಲೆಕ್ಕ, ಕಟ್ಟಿಗೆಯವನ ಹೆಸರು. ಆರನೆಯ ಸಲ ಫೋನು ಹಚ್ಚಲು ಹೋದಾಗ ವಿಜಯಕುಮಾರ ಕೇಳಿದ: “ವೀರಭದ್ರಪ್ಪಾರ, ಮಾಲೀಕರು ನೀವೋ, ನಿಮ್ಮ ಫೋನೋ?”

“ಮಾಲೀಕ ನಾನ ಸಾರ್. ಕಾರ್ಡ್ ನೋಡ್ರಿ.”

“ಆಯ್ತು. ಸಹಿ ಮಾಡೋಕ ಮುಂಚೆ ಕೊನೀ ಹಾಳಿ ಗಟ್ಟಿಯಾಗಿ ಓದ್ರಿ. ನಮ್ಮಲ್ಲಿ ಪದ್ಧತಿ.”

ವೀರಭದ್ರ ಓದತೊಡಗಿದ. “ಲೆಕ್ಕ ನೀವು ಕೊಟ್ಟ ವಿವರಗಳ ಮೇಲೆ ನಿಂತಿದೆ. ಅವು ಸತ್ಯವೆಂಬುದಕ್ಕೆ, ವ್ಯಾಪಾರ ನಡೆಸುವವರು ಸಹಿದಾರರೇ ಎಂಬುದಕ್ಕೆ ಅವರೇ ಹೊಣೆ. ಇಲಾಖೆ ವಿವರಣೆ ಕೇಳಿದರೆ...” ಅವನ ದನಿ ಬಾವಿಗಿಳಿದ ಕೊಡದಂತೆ ಕೆಳಗಿಳಿಯಿತು. “...ಸಹಿದಾರರೇ ಉತ್ತರಿಸತಕ್ಕದ್ದು. ಇಲಾಖೆಯವ್ರು ನಿಜಾನ ಕೇಳ್ತಾರೇನ್ರಿ ಸಾರ್?”

“ಕೇಳಿದ್ರ ಕೇಳ್ತಾರ.”

“ಜೋಳ, ಕೂಲಿ, ಎಲ್ಲಾ?”

“ಎಲ್ಲಾ.”

“ಅಲ್ಲಿ ಫೋನ್ ಹಚ್ಚಾಕ ಬಿಡ್ತಾರೇನ್ರಿ?”

ವೀರಭದ್ರ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. ವ್ಯಾಪಾರ ಶುರುವಾಗಿ ಹದಿನಾಲ್ಕು ವರ್ಷ ಕಾಣದ ಸತ್ಯವೊಂದು ಅವನಿಗೆ ಅಲ್ಲೇ, ಫ್ಯಾನಿನ ಕೆಳಗೆ, ದರ್ಶನ ಕೊಟ್ಟಿತು.

“ಸಾರ್, ಖರೇ ಹೇಳಬೇಕಂದ್ರ ವ್ಯಾಪಾರ ಆಕೀದ. ನಾನು ಬರೀ ಗಾಡಿ ಹೊಡ್ಯಾವ.”

ವಿಜಯಕುಮಾರ ಹಳೆಯ ಪತ್ರಕ್ಕೆ ಅಡ್ಡಗೆರೆ ಎಳೆದು, ‘ಶ್ರೀಮತಿ ಹಂಪಮ್ಮ, ಮಾಲೀಕರು’ ಎಂದು ಹೊಸದನ್ನು ಬರೆಸಿದ. ಇದುವರೆಗೆ ಮಾರಾಟದ ದುಡ್ಡು ಬಿದ್ದದ್ದು ಗಂಡನ ಖಾತೆಗೆ. ಆದ್ದರಿಂದ ಅದು ಹೆಂಡತಿಯ ವ್ಯಾಪಾರದ್ದು, ತಾನು ಅವಳ ಪರವಾಗಿ ಪಡೆದಿದ್ದೆ ಎಂದು ವೀರಭದ್ರ ಬೇರೆ ಕಾಗದದಲ್ಲಿ ಬರೆದು ಸಹಿ ಮಾಡಬೇಕಾಯಿತು. ಇನ್ನು ಮುಂದೆ ಅವಳ ಹೆಸರಿನದೇ ಖಾತೆ ಇರಲಿ ಎಂದೂ ವಿಜಯಕುಮಾರ ಹೇಳಿ ಕಳಿಸಿದ. ಆ ಕಾಗದಕ್ಕೆ ವೀರಭದ್ರ ಎಷ್ಟು ಬೇಗ ಸಹಿ ಹಾಕಿದನೆಂದರೆ ಎರಡನೆಯ ಅಕ್ಷರ ಮೊದಲನೆಯದರ ಮೇಲೆ ಹತ್ತಿತ್ತು.

ಮನೆಗೆ ಬಂದು, “ನೋಡು, ನಿನ್ನ ಹೆಸರಿಗಿ ಮಾಡಿಸೀನಿ. ದೊಡ್ಡ ಮನಸ್ಸು ಮಾಡೀನಿ,” ಎಂದ.

ಹಂಪಮ್ಮ ಕೈತೊಳೆದು ಸೆರಗಿಗೆ ಒರೆಸಿಕೊಂಡಳು. ಅಕ್ಷಿತಾ ಹೊಸ ಪತ್ರ ಓದತೊಡಗಿದಳು. ಕೊನೆಯ ಹಾಳೆಯನ್ನು ಎರಡು ಸಲ ಓದಿಸಿಕೊಂಡ ಮೇಲೆ ದೊಡ್ಡ ಮನಸ್ಸು ಎಲ್ಲಿಂದ ಬಂತೆಂದು ಹಂಪಮ್ಮನಿಗೆ ತಿಳಿಯಿತು.

“ಅಮ್ಮ, ಹೊಣಿ ಎಲ್ಲಾ ನಿಂದ ಅಂತ ಐತಿ. ಹೆದರಿಕಿ ಆಗಲ್ಲೇನು?”

“ಇಷ್ಟು ದಿನ ಯಾರ್ದಿತ್ತು?” ಎಂದು ಕೇಳಿ ಹಂಪಮ್ಮ ನಿಧಾನವಾಗಿ, ಒಂದೊಂದೇ ಅಕ್ಷರ ತಟ್ಟಿದಂತೆ, ಸಹಿ ಮಾಡಿದಳು.

ಕರಡು ಹೇಳಿದ ದಿನಕ್ಕೇ ಬಂತು. ಕಟ್ಟಿಗೆಯ ಖರ್ಚಿನಲ್ಲಿ ಒಂದು ತಿಂಗಳು ಬಿಟ್ಟುಹೋಗಿದ್ದನ್ನು ಹಂಪಮ್ಮ ಹಿಡಿದಳು, ವಿಜಯಕುಮಾರ ತಿದ್ದಿಸಿದ. ಜುಲೈ ಇಪ್ಪತ್ತಾರಕ್ಕೆ ರಿಟರ್ನ್ ಸಲ್ಲಿಕೆಯಾಯಿತು. ಅವಳ ಆಧಾರಿಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಗಂಡನದಾಗಿತ್ತು, ಹಾಗಾಗಿ ದೃಢೀಕರಣದ ಆರಂಕಿಯ ಒಟಿಪಿ ಅವನ ಫೋನಿಗೆ ಬಂತು. ಅವನು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದ.

ಅಕ್ಷಿತಾ ರಸೀದಿ ತಂದಳು. ವೀರಭದ್ರ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಸಹಿ ಯಾರಾಗಿ ಮಾಡೀರಿ ಅಂತ ಕೇಳ್ಯಾರ. ‘ಸ್ವತಃ’ ಅಂತ ಐತಿ. ಇಂಥವ್ರ ಹೆಂಡ್ತಿ ಅಂತನೂ ಹಾಕಿಲ್ಲಲ್ಲ!”

“ಕೇಳಿಲ್ಲಂತ ಹಾಕಿಲ್ರಿ,” ಎಂದಳು ಹಂಪಮ್ಮ. ರಸೀದಿಯನ್ನು ಅವನ ಕೈಯಿಂದ ತೆಗೆದುಕೊಂಡು, ಹಿಟ್ಟು ಹತ್ತದ ಹಾಗೆ ಎರಡು ಬೆರಳಲ್ಲಿ ಹಿಡಿದು, ಬ್ಯಾಂಕಿಗೆ ಹೊರಡಲು ಚಪ್ಪಲಿ ಮೆಟ್ಟಿದಳು. “ಸಿರುಗುಪ್ಪದ ರೊಟ್ಟಿ ಕಟ್ಟಿಟ್ಟೀನಿ. ಗಾಡಿ ತೆಗೀರಿ.”