ಎರಡು ಹಾಳೆ ಫಾರಂ

ನಮ್ಮ ದೊಡ್ಡಪ್ಪನನ್ನು ಊರೆಲ್ಲ ಪಿನ್ನಣ್ಣ ಅಂತಲೇ ಕರೆಯುತ್ತಿತ್ತು. ಮೂವತ್ತೊಂದು ವರ್ಷ ಸೀಮೆಎಣ್ಣೆ ಸ್ಟೌ ಮತ್ತು ಅದರ ಬಿಡಿಭಾಗಗಳ ಅಂಗಡಿ ನಡೆಸಿದ ಮನುಷ್ಯ. ಬರ್ನರ್, ವಾಷರ್, ಬತ್ತಿ, ಪಂಪು ಏನು ಬೇಕಾದರೂ ಅವರಲ್ಲಿ ಸಿಗುತ್ತಿತ್ತು. ಅಂಗಿ ಜೇಬಿನಲ್ಲಿ ಸ್ಟೌ ಪಿನ್ನು ಯಾವಾಗಲೂ ಇರುತ್ತಿತ್ತು. ಮದುವೆಮನೆಗೆ ಹೋದರೂ ಅಡಿಗೆಯವರ ಒಲೆಯ ತೂತು ಚುಚ್ಚಿ ಸರಿಮಾಡಿಯೇ ಊಟಕ್ಕೆ ಕೂರುವವರು. ಮನೆಮನೆಗೂ ಗ್ಯಾಸ್ ಬಂತು, ಗಿರಾಕಿ ಹೋದರು. ಅರವತ್ತೆರಡನೇ ವಯಸ್ಸಿಗೆ ಅವರು ಅಂಗಡಿ ಮುಚ್ಚಿದರು. ಉಳಿದ ವಾಷರುಗಳನ್ನು ತೂಕಕ್ಕೆ ಹಾಕಿ ಮನೆಗೆ ಬಂದು ಎರಡು ದಿನ ಮಲಗಿದರು, ಮೂರನೇ ದಿನ ಎದ್ದು ದೊಡ್ಡಮ್ಮನ ಕುಕ್ಕರಿನ ವಾಷರ್ ಬದಲಾಯಿಸಿದರು. ಅಷ್ಟೇ ಅವರ ದುಃಖ ಅಂದುಕೊಂಡಿದ್ದೆವು.

ಆರು ವರ್ಷದ ಮೇಲೆ ನೋಟೀಸು ಬಂತು. ಅಂಗಡಿ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ್ದು ವಾಪಸು ಹೋಗಿತ್ತು. ಅಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಹಾಗಾಗಿ ಮಾರಾಟ ತೆರಿಗೆ ಕಚೇರಿಯ ಜವಾನನೇ ವಿಚಾರಿಸಿಕೊಂಡು ಮನೆಗೆ ಬಂದ. ದೊಡ್ಡಪ್ಪ ಸಹಿ ಹಾಕಿ, ತಾರೀಖು ಬರೆದು, ಅವನಿಗೆ ನೀರು ಕೊಟ್ಟು ಕಳಿಸಿದರು. ಆಮೇಲೆ ಕಾಗದ ಓದಿದರು. ನಾನು ಸಂಜೆ ನನ್ನ ಟೈಪಿಂಗ್ ಶಾಲೆ ಮುಚ್ಚಿ ಅವರ ಮನೆಗೆ ಹೋದಾಗ ಕುರ್ಚಿಯಲ್ಲಿ ಹಾಗೇ ಕೂತಿದ್ದರು, ಅಂಗಿಯ ಬೆನ್ನು ಒದ್ದೆ. ದೊಡ್ಡಮ್ಮ ಸೆಖೆ ಅಂದುಕೊಂಡು ಫ್ಯಾನ್ ಜೋರು ಮಾಡಿದ್ದಳು.

ನಾನೂ ಓದಿದೆ. ಅಂಗಡಿ ಮುಚ್ಚಿದ್ದೇವೆ ಎಂದು ನೋಂದಣಿ ರದ್ದು ಮಾಡಿಸಿಕೊಂಡ ಮೇಲೂ ತಾವು ಹೊರ ರಾಜ್ಯದಿಂದ ಸರಕು ತರಿಸಿರುವುದು ಪರಿಶೀಲನೆಯಿಂದ ಕಂಡುಬಂದಿದೆ. ಆದ್ದರಿಂದ ಆ ವರ್ಷ ಗುಟ್ಟಾಗಿ ವ್ಯಾಪಾರ ಮುಂದುವರಿಸಿದ್ದೀರೆಂದು ಭಾವಿಸಿ, ವಹಿವಾಟನ್ನು ಅಂದಾಜು ಮಾಡಿ, ತೆರಿಗೆ ಮತ್ತು ದಂಡ ವಿಧಿಸಲು ಉದ್ದೇಶಿಸಲಾಗಿದೆ. ಆಕ್ಷೇಪಣೆ ಇದ್ದರೆ ನೋಟೀಸು ತಲುಪಿದ ಹದಿನೈದು ದಿನದೊಳಗೆ ಸಲ್ಲಿಸಿ, ನಮೂದಿಸಿದ ದಿನ ವಿಚಾರಣೆಗೆ ಹಾಜರಾಗತಕ್ಕದ್ದು. ಕೆಳಗೆ ಬರೆದ ಮೊತ್ತಕ್ಕೆ ಅವರ ಎರಡು ಕೋಣೆಯ ಮನೆ ಮಾರಿದರೆ ಸರಿಹೋಗುತ್ತಿತ್ತೇನೋ.

ನನಗೆ ಮೊದಲು ಬಂದದ್ದು ಸಿಟ್ಟು. ಆರು ವರ್ಷ ನಿದ್ದೆ ಮಾಡಿ ಈಗ ಎದ್ದರೇ ಇವರು ಅಂತ. ಮಾರನೇ ದಿನವೇ ತೆರಿಗೆ ವಕೀಲರ ಹತ್ತಿರ ಕರೆದುಕೊಂಡು ಹೋದೆ. ಅವರ ಕೋಣೆಯಲ್ಲಿ ಕುರ್ಚಿಗಿಂತ ಫೈಲುಗಳೇ ಹೆಚ್ಚು. ಹಳೇ ವರ್ಷಗಳನ್ನು ಕೆದಕಲು ಕಾನೂನು ಕೊಟ್ಟ ಅವಧಿ ಮುಗಿಯುತ್ತ ಬಂದಾಗ ಕಚೇರಿಯವರು ಹೀಗೆ ರಾಶಿ ನೋಟೀಸು ಹೊರಡಿಸುತ್ತಾರೆ, ಹೆದರಬೇಡಿ ಅಂದರು. ನೋಂದಣಿ ರದ್ದಾದ ಕಾಗದ ಇದೆಯಲ್ಲ, ಅಂಗಡಿ ಖಾಲಿ ಮಾಡಿದ ಕರಾರು ಇದೆಯಲ್ಲ, ಬೇರೆ ಯಾರದೋ ಸರಕಿಗೆ ನಿಮ್ಮ ನೋಂದಣಿ ನಂಬರ್ ತಪ್ಪಾಗಿ ನಮೂದಾಗಿದೆ ಅಂತ ಬರೆಯೋಣ, ಒಂದೇ ವಿಚಾರಣೆಗೆ ಮುಗಿಯುತ್ತದೆ. ನನಗೆ ಜೀವ ಬಂದ ಹಾಗಾಯಿತು. ದೊಡ್ಡಪ್ಪನ ಮುಖ ಮಾತ್ರ ಇನ್ನಷ್ಟು ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಮಾತು ನೆನಪಾಗಿ ನನಗೇ ನಾಚಿಕೆಯಾಯಿತು. ಇವರು ಒಂದು ಪಿನ್ನಿಗೆ ಎರಡು ಪಿನ್ನಿನ ದುಡ್ಡು ತಗೊಂಡವರಲ್ಲ.

ಆ ವಾರ ಅವರು ಊಟ ಬಿಟ್ಟರು. ಗೇಟು ಸದ್ದಾದರೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ಹಾಲಿನವಳು ಬಂದರೂ ಅಷ್ಟೇ. ಒಮ್ಮೆ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಈಚೆಗೆ ಬರಲಿಲ್ಲ. ದೊಡ್ಡಮ್ಮ ಹೆದರಿ ನನಗೆ ಫೋನ್ ಮಾಡಿದಳು. ನಾನು ಹೋಗಿ ಬಾಗಿಲು ಬಡಿದು, ಏನು ವಿಷಯ ಹೇಳಿ ಅಂತ ಗದರಿಸಿದೆ. ದೊಡ್ಡವರನ್ನು ಗದರಿಸಿದ್ದು ಅದೇ ಮೊದಲು.

ಹೊರಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದರು. ಹೊರ ರಾಜ್ಯದಿಂದ ಸರಕು ತರಿಸುವ ವ್ಯಾಪಾರಿಗೆ ಕಚೇರಿಯವರು ಸಿ ಫಾರಂ ಅಂತ ಕೊಡುತ್ತಿದ್ದರು. ಅದನ್ನು ತುಂಬಿ ಕಳಿಸಿದರೆ ಅಲ್ಲಿನವರು ಕಡಿಮೆ ತೆರಿಗೆ ಹಾಕುತ್ತಿದ್ದರು. ತಗೊಂಡ ಒಂದೊಂದು ಹಾಳೆಗೂ ಲೆಕ್ಕ ಕೊಡಬೇಕು, ಹಳೇ ಲೆಕ್ಕ ಕೊಡದವನಿಗೆ ಹೊಸ ಫಾರಂ ಇಲ್ಲ, ಅಂಗಡಿ ಮುಚ್ಚಿದರೆ ಉಳಿದದ್ದನ್ನು ವಾಪಸು ಕೊಡಬೇಕು. ದೊಡ್ಡಪ್ಪ ಮುಚ್ಚಿದಾಗ ಎರಡು ಹಾಳೆ ಉಳಿದಿದ್ದವು. ಪಕ್ಕದ ಛತ್ರಿ ಅಂಗಡಿಯವನು ಲೆಕ್ಕ ಕೊಡದೆ ಸಿಕ್ಕಿಹಾಕಿಕೊಂಡಿದ್ದ, ಅವನಿಗೆ ಹೊಸ ಫಾರಂ ಸಿಗುತ್ತಿರಲಿಲ್ಲ, ಮಳೆಗಾಲ ಎದುರಿಗಿತ್ತು. ಇಬ್ಬರೂ ಮೂವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಕೂತವರು. ಹೇಗೂ ನಿನಗೆ ಬೇಡವಲ್ಲ ಅಂದನಂತೆ. ಇವರು ಎರಡೂ ಹಾಳೆಗೆ ಸಹಿ ಹಾಕಿ, ಸೀಲು ಒತ್ತಿ, ಖಾಲಿಯಾಗೇ ಕೊಟ್ಟರು. ಆಮೇಲೆ ನೋಂದಣಿ ರದ್ದತಿಯ ಅರ್ಜಿಯಲ್ಲಿ, ಬಳಸದ ಫಾರಂ ಯಾವುದೂ ನನ್ನಲ್ಲಿ ಉಳಿದಿಲ್ಲ ಅಂತ ತಮ್ಮ ಕೈಯಾರೆ ಬರೆದರು.

“ಸುಳ್ಳು ಬರೆದಿದೀನಿ ಕಣೇ. ಜೈಲಿಗೆ ಹಾಕ್ತಾರೆ,” ಅಂದರು.

ಛತ್ರಿಯವನ ಹೆಸರು ಹೇಳಿಬಿಡಿ, ಮುಗಿಯಿತು ಅಂದೆ ನಾನು. ಅವನು ಸತ್ತು ಮೂರು ವರ್ಷವಾಗಿತ್ತು. ಅವನ ಹೆಂಡತಿ ಈಗ ಅದೇ ಅಂಗಡಿಯಲ್ಲಿ ಕಡ್ಡಿ ಕಟ್ಟಿ, ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದಳು. ಅದೇ ತೊಂದರೆ ಅಂದರು ದೊಡ್ಡಪ್ಪ. ವ್ಯಾಪಾರ ಮುಂದುವರಿಸಿದವಳು ಅವಳು, ಹೆಸರು ಹೇಳಿದರೆ ಹೊರೆಯೆಲ್ಲ ಅವಳ ತಲೆಗೆ ಬೀಳುತ್ತದೆ. ಹೆದರಿ ಸಾಯುತ್ತಿರುವ ಮನುಷ್ಯ ಅದೊಂದರಲ್ಲಿ ಮಾತ್ರ ಕಲ್ಲಾದರು. ದೊಡ್ಡಮ್ಮನ ತಲೆಯ ಮೇಲಿನ ಸೂರು ಹೋಗುತ್ತದಲ್ಲ, ಅದಕ್ಕೇನು ಹೇಳುತ್ತೀರಿ ಅಂತ ಕೇಳಿದೆ. ಎದ್ದು ಒಳಗೆ ಹೋದರು.

ನಾನು ಸುಮ್ಮನಿರುವ ಜಾತಿಯಲ್ಲ. ನೇರ ಛತ್ರಿ ಅಂಗಡಿಗೆ ಹೋಗಿ, ಗಿರಾಕಿ ಇರುವಾಗಲೇ, ನಿಮ್ಮ ಯಜಮಾನರು ಮಾಡಿದ ಕೆಲಸ ಹೀಗೆ ಅಂತ ಎಲ್ಲ ಹೇಳಿದೆ. ಅವಳು ಕಡ್ಡಿಗೆ ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ. ವಿಚಾರಣೆ ಯಾವತ್ತು ಅಂತ ಮಾತ್ರ ಕೇಳಿದಳು. ಹೇಳಿದೆ. ಗಿರಾಕಿಯ ಕಡೆ ತಿರುಗಿದಳು. ಕೈ ತೊಳೆದುಕೊಂಡಳು ಅಂತ ಬೈದುಕೊಂಡೇ ಮನೆಗೆ ಬಂದೆ.

ವಕೀಲರಿಗೆ ನಿಜ ಹೇಳಲೇಬೇಕಾಯಿತು. ಅವರು ಕನ್ನಡಕ ತೆಗೆದು ಒರೆಸಿದರು. ನಂಬರ್ ತಪ್ಪು ಅನ್ನುವ ಆಕ್ಷೇಪಣೆ ಇನ್ನು ಬರೆಯುವ ಹಾಗಿಲ್ಲ, ಕೊಟ್ಟಿದ್ದರೆ ಕೆಡುತ್ತಿತ್ತು ಅಂದರು. ಅಂಗಡಿ ಮುಚ್ಚಿದ್ದು ನಿಜ, ಸರಕು ತಮ್ಮದಲ್ಲ, ಫಾರಂ ದುರುಪಯೋಗವಾಗಿದೆ ಅಂತಷ್ಟೇ ಬರೆದರು. ನಾನೇ ಟೈಪ್ ಮಾಡಿದೆ. ನನ್ನ ಬೆರಳು ಅಷ್ಟು ತಪ್ಪು ಮಾಡಿದ್ದು ಕಲಿಯುವ ದಿನಗಳಲ್ಲೂ ಇಲ್ಲ.

ಕಚೇರಿ ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ದೊಡ್ಡಪ್ಪ ಎರಡು ಕಡೆ ನಿಂತರು. ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ಒರಟಾಗಿ ಮಾತಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಸರಕು ಕಳಿಸಿದ ರಾಜ್ಯದ ಕಚೇರಿಯಿಂದ ತರಿಸಿದ ಎರಡು ಫಾರಂಗಳ ನಕಲನ್ನು ಮೇಜಿನ ಮೇಲೆ ತಿರುಗಿಸಿಟ್ಟರು. ಛತ್ರಿ ಬಟ್ಟೆ, ಛತ್ರಿ ಕಡ್ಡಿ ಅಂತ ಬರೆದಿತ್ತು. ತಾರೀಖು ಅಂಗಡಿ ಮುಚ್ಚಿ ಎರಡು ತಿಂಗಳ ಮೇಲಿನದು. ನಿಮ್ಮ ನೋಂದಣಿಯಲ್ಲಿ ಸ್ಟೌ ಸಾಮಾನು ಮಾತ್ರ ಇದೆ, ಇದು ಹೇಗೆ ಬಂತು ಅಂತ ಕೇಳಿದರು.

ದೊಡ್ಡಪ್ಪ ಮೇಜಿನ ಅಂಚು ಹಿಡಿದುಕೊಂಡರು.

“ಸಹಿ ನಂದೇ ಮೇಡಂ. ಸರಕು ನಂದಲ್ಲ. ಯಾರದ್ದು ಅಂತ ಮಾತ್ರ ಕೇಳಬೇಡಿ.”

ಕೇಳದೆ ಆಗುವುದಿಲ್ಲ ಅಂದರು ಅವರು. ಯಾರದ್ದೆಂದು ಹೇಳದಿದ್ದರೆ ನಿಮ್ಮದೇ ಅಂತ ಆದೇಶ ಮಾಡಬೇಕಾಗುತ್ತದೆ, ಯೋಚನೆ ಮಾಡಿ ಅಂತ ಸೋಮವಾರಕ್ಕೆ ಮುಂದೂಡಿದರು. ಮನೆಗೆ ಬಂದ ದೊಡ್ಡಪ್ಪ ದೊಡ್ಡಮ್ಮನನ್ನು ಮನೆಯ ಪತ್ರ ಎಲ್ಲಿದೆ ಅಂತ ಕೇಳಿದರು. ಅವಳು ಯಾಕೆ ಅಂತ ಕೇಳದೆ ಟ್ರಂಕಿನಿಂದ ತೆಗೆದುಕೊಟ್ಟಳು, ಆಮೇಲೆ ಒಳಗೆ ಹೋಗಿ ಅತ್ತಳು. ನನಗೂ ಅಳು ಬಂತು, ಅವರಿಬ್ಬರ ಮೇಲೂ ಕೋಪ ಬಂತು.

ಸೋಮವಾರ ನಾವು ಹೋಗುವ ಮೊದಲೇ ಛತ್ರಿಯವಳು ಕಚೇರಿಯ ಬೆಂಚಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಲೆಕ್ಕದ ಪುಸ್ತಕಗಳು. ಹಿಂದಿನ ಸಲ ಅವಳು ಪುಸ್ತಕ ಹುಡುಕಿಕೊಂಡು ಬರುವಷ್ಟರಲ್ಲಿ ನಾವು ಹೋಗಿದ್ದೆವಂತೆ, ಸೋಮವಾರ ಬಾ ಅಂತ ಜವಾನ ಹೇಳಿದ್ದನಂತೆ. ದೊಡ್ಡಪ್ಪ ಅವಳನ್ನು ಕಂಡು ಹಿಂದಕ್ಕೆ ತಿರುಗಿಬಿಟ್ಟರು. ನಾನು ತೋಳು ಹಿಡಿದು ಒಳಗೆ ಕರೆದೊಯ್ದೆ. ಆ ವರ್ಷದ ಪುಸ್ತಕದಲ್ಲಿ ಅವಳ ಗಂಡ ಆ ಎರಡು ಲೋಡನ್ನೂ ಬರೆದಿದ್ದ, ‘ಸ್ಟೌ ಅಂಗಡಿ ಹೆಸರಿನಲ್ಲಿ ತರಿಸಿದ್ದು’ ಅಂತ ಬದಿಯಲ್ಲಿ ಟಿಪ್ಪಣಿ ಸಹಿತ. ಎಂಥ ಪ್ರಾಮಾಣಿಕ ಪೆದ್ದ! ಛತ್ರಿಗಳನ್ನು ಮಾರಿದ್ದಕ್ಕೆ ತೆರಿಗೆಯನ್ನೂ ಕಟ್ಟಿದ್ದ, ಚಲನ್‌ಗಳೂ ಇದ್ದವು. ಅಧಿಕಾರಿ ಒಂದೊಂದು ಪುಟವನ್ನೂ ನೋಡಿ, ಇದನ್ನು ಕೊಟ್ಟರೆ ನಿಮ್ಮ ಅಂಗಡಿಗೂ ನೋಟೀಸು ಬರುತ್ತದೆ, ಗೊತ್ತೇ ಅಂತ ಅವಳನ್ನು ಕೇಳಿದರು. ಗೊತ್ತು ಅಂದಳು. ಹೇಳಿಕೆಗೆ ಸಹಿ ಹಾಕಿ ಪುಸ್ತಕಗಳನ್ನು ಮೇಜಿನ ಮೇಲೇ ಬಿಟ್ಟಳು.

ತಿಂಗಳೊಳಗೆ ಆದೇಶ ಬಂತು. ಗುಟ್ಟು ವ್ಯಾಪಾರದ ಆರೋಪ ಬಿದ್ದುಹೋಯಿತು, ಫಾರಂ ದುರುಪಯೋಗಕ್ಕೆ ದಂಡ ಉಳಿಯಿತು. ಮನೆ ಉಳಿಯಿತು; ದೊಡ್ಡಮ್ಮನ ಬಳೆ ಎರಡು ಹೋದವು. ಛತ್ರಿಯವಳಿಗೆ ಬಂದ ನೋಟೀಸಿಗೆ ಉತ್ತರ ಟೈಪ್ ಮಾಡಿದವಳೂ ನಾನೇ, ದುಡ್ಡು ತಗೊಳ್ಳಲಿಲ್ಲ. ಆದರೆ ನನ್ನ ನಿದ್ದೆ ಕೆಡಿಸುವುದು ಆ ಆದೇಶವಲ್ಲ, ಸೋಮವಾರ ಕಚೇರಿಯಿಂದ ಇಳಿದು ಬರುವಾಗ ಮೆಟ್ಟಿಲ ಮೇಲೆ ನಡೆದ ಮಾತು.

ದೊಡ್ಡಪ್ಪ ಕಂಬಿ ಹಿಡಿದು ನಿಂತು, ನಾನು ಹೆಸರು ಹೇಳಿರಲಿಲ್ಲವಲ್ಲಮ್ಮ, ನೀನ್ಯಾಕೆ ಬಂದೆ ಅಂತ ಕೇಳಿದರು.

“ನಮ್ಮನೆಯವರು ಸಾಯೋವರೆಗೂ ಅಂಚೆಯವನು ಬಂದ್ರೆ ಒಳಗೆ ಹೋಗಿ ಕೂತ್ಕೋತಿದ್ರು ಅಣ್ಣಾ. ನಿಮ್ಮ ಮನೆ ಮುಂದೆ ಬರಬೇಕಾಗುತ್ತೆ ಅಂತ ಸುತ್ತುದಾರೀಲಿ ಮಾರ್ಕೆಟ್ಟಿಗೆ ಹೋಗ್ತಿದ್ರು. ನಿಮ್ಮನ್ನ ಸಿಕ್ಕಿಸಿಬಿಟ್ಟೆ ಅಂತ. ನನಗೆ ಹಂಗೆ ಬದುಕೋಕೆ ಆಗಲ್ಲ.”

ಫೈಲು ಹೊತ್ತವರು ಹತ್ತಿ ಇಳಿದು ಮಾಡುತ್ತಿದ್ದರು, ನಾವು ಗೋಡೆಗೆ ಸರಿದು ದಾರಿ ಕೊಟ್ಟೆವು.

“ಅವನು ಹೋದಾಗ ನಾನು ಬರಲಿಲ್ಲ,” ಅಂದರು ದೊಡ್ಡಪ್ಪ. “ಹುಷಾರಿಲ್ಲ ಅಂತ ಸುಳ್ಳು ಹೇಳಿ ಕಳಿಸಿದೆ. ನಮ್ಮಿಬ್ಬರನ್ನ ಯಾರಾದ್ರೂ ಒಟ್ಟಿಗೆ ಸೇರಿಸಿ ನೋಡಿಬಿಡ್ತಾರೆ ಅಂತ ಹೆದರಿಕೆ ಕಣಮ್ಮ. ಸತ್ತವನ ಹತ್ತಿರ ನಿಲ್ಲೋಕೂ ಹೆದರಿದೆ.”

“ಗೊತ್ತು,” ಅಂದಳು ಅವಳು. “ಚಟ್ಟ ಎತ್ತೋಕೆ ಬಂದವರನ್ನ ಒಂದು ಗಂಟೆ ನಿಲ್ಲಿಸಿದ್ದೆ, ನೀವು ಬರ್ತೀರ ಅಂತ.”