ಯಾವ ಅಕ್ಕ

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಜೋಡಿಸಿಕೊಟ್ಟ ಹೆಂಗಸು ಅವರು. ಯಾರು ಯಾರಿಗೆ ಬೈದರು, ಯಾರ ಮದುವೆ ಮುರಿಯಿತು, ಎಲ್ಲವೂ ಅವರ ಕಿವಿಯ ಮೇಲೆ ಬಿದ್ದದ್ದೇ. ಆದರೆ ಬಿದ್ದದ್ದು ಅಲ್ಲೇ ಇಂಗಿತು, ಬಾಯಿಗೆ ಬರಲಿಲ್ಲ. ನಿವೃತ್ತಿಯಾಗಿ ಏಳು ವರ್ಷವಾದರೂ ಜನ ಅವರನ್ನು 'ಎಕ್ಸ್‌ಚೇಂಜ್ ಅಕ್ಕ' ಅಂತಲೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಎರಡನೇ ಮಹಡಿಯ ಎರಡು ಕೋಣೆ, ಕಿಟಕಿಯಲ್ಲಿ ಒಂದು ಗಿಡ, ಬೆಳಗ್ಗೆ ಕಾಫಿಯ ಜೊತೆಗೆ ಫೋನಿನಲ್ಲಿ ಮೇಲ್ ನೋಡುವ ಅಭ್ಯಾಸ. ಇಷ್ಟೇ ಅವರ ಸಂಸಾರ.

ಒಂದು ಬೆಳಗ್ಗೆ ಬಂದ ಮೇಲ್ ಓದಿ ಅವರ ಕಾಫಿ ಆರಿಹೋಯಿತು. ಇಂಥವರ ಖಾತೆ ಮೂರು ತಿಂಗಳಿಂದ ಬಳಕೆಯಲ್ಲಿಲ್ಲ, ಹಾಗಾದರೆ ತಿಳಿಸಬೇಕಾದ ನಂಬಿಕೆಯ ವ್ಯಕ್ತಿಯಾಗಿ ಅವರು ನಿಮ್ಮನ್ನು ಆರಿಸಿದ್ದಾರೆ, ಅವರ ಕಡತಗಳನ್ನು ನೀವು ಇಳಿಸಿಕೊಳ್ಳಬಹುದು, ಮೂರು ತಿಂಗಳೊಳಗೆ. ಕೆಳಗೆ ಆ ವ್ಯಕ್ತಿಯೇ ಬರೆದಿಟ್ಟ ನಾಲ್ಕು ಸಾಲು: 'ಅಕ್ಕಾ, ಬೈಬೇಡ. ಪರೀಕ್ಷೆ ಗಾಜಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಹಾಳೆ ಇಟ್ಟಿದೀನಿ. ಪಟ್ಟಿ ತೆಗೆದು ಅವಳಿಗೆ ಕೊಡು. ಬೇರೆ ಯಾರಿಗೂ ಹೇಳಬೇಡ.'

ಹೆಸರು ಕನ್ನಡಕದಂಗಡಿಯವರದು. ಹಳೆಯ ಮನೆಯ ಬೀದಿಯಲ್ಲಿದ್ದ ಅಂಗಡಿ. ಹದಿನೈದು ವರ್ಷ ಅಲ್ಲಿಯೇ ಅಕ್ಕನ ಕನ್ನಡಕ ಆಗುತ್ತಿತ್ತು. ಮನೆ ಬದಲಿಸಿದ ಮೇಲೆ, ಎರಡು ವರ್ಷದಿಂದ, ಆ ಕಡೆ ಹೋಗಿರಲಿಲ್ಲ.

'ಇದು ಮೋಸ' ಎಂದು ಅಕ್ಕ ತಮಗೆ ತಾವೇ ಹೇಳಿಕೊಂಡರು. ಕಂಡ ಕಂಡ ಲಿಂಕ್ ಒತ್ತಬಾರದೆಂದು ಪೇಪರಿನವರು ದಿನಾ ಬೊಬ್ಬೆ ಹೊಡೆಯುತ್ತಾರೆ. ಆದರೆ ಕಣ್ಣು ಪರೀಕ್ಷೆಗೆ ಅವರು ಇಟ್ಟುಕೊಂಡಿದ್ದ ಗಾಜಿನ ಪೆಟ್ಟಿಗೆ ಮೋಸಗಾರನಿಗೆ ಗೊತ್ತಿರುವುದು ಹೇಗೆ? ಮೇಲಿನಲ್ಲಿ ಎಲ್ಲೂ 'ಸತ್ತರು' ಎಂದು ಇರಲಿಲ್ಲ. ಬರೀ 'ಬಳಕೆಯಲ್ಲಿಲ್ಲ'. ಮನುಷ್ಯ ಬಳಕೆಯಲ್ಲಿಲ್ಲವೋ, ಖಾತೆ ಬಳಕೆಯಲ್ಲಿಲ್ಲವೋ? ಅಂಗಡಿಗೆ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ. ಲಿಂಕ್ ಮುಟ್ಟದೆ ಬಸ್ಸು ಹತ್ತಿದರು.

ಅಂಗಡಿ ತೆರೆದಿತ್ತು. ಗಲ್ಲಾದ ಹಿಂದೆ ಅವರ ಹೆಂಡತಿ ಕೂತಿದ್ದಳು. ಮೇಜಿನ ಮೇಲೆ ಗಾಜಿಲ್ಲದ ಫ್ರೇಮುಗಳು, ಚೀಟಿಯಂಟಿಸಿದ ಪುಟ್ಟ ಕವರುಗಳು. ಒಬ್ಬರು ಮುದುಕರು ಕಣ್ಣು ಕಿರಿದು ಮಾಡಿಕೊಂಡು ಗೊಣಗುತ್ತಿದ್ದರು: "ನನ್ನ ನಂಬರ್ ಎಷ್ಟು ಅಂತ ನನಗೇ ಗೊತ್ತಿಲ್ಲಮ್ಮ. ಅವರಿಗೇ ಗೊತ್ತಿದ್ದದ್ದು."

ಮುದುಕರು ಹೋದ ಮೇಲೆ ಅಕ್ಕ ಮೆಲ್ಲಗೆ ಕೇಳಿದರು, "ಯಜಮಾನ್ರು ಇಲ್ವಾ?"

"ಹೋಗಿ ಮೂರು ತಿಂಗಳಾಯ್ತು ಅಕ್ಕ. ನಿಮಗೆ ಗೊತ್ತಿರಲಿಲ್ವಾ? ಗಾಜು ಉಜ್ಜುತ್ತಾ ಕೂತಿದ್ದವರು ಹಾಗೇ ಒರಗಿದ್ರು."

ಅಕ್ಕ ಸ್ಟೂಲಿನ ಮೇಲೆ ಕೂತರು. ಸತ್ತ ಮನುಷ್ಯ ತಮಗೆ ಬೆಳಗ್ಗೆ ಮೇಲ್ ಬರೆದಿದ್ದಾನೆ ಎಂದು ಈ ಹೆಂಗಸಿಗೆ ಯಾವ ಬಾಯಲ್ಲಿ ಹೇಳುವುದು? 'ಬೇರೆ ಯಾರಿಗೂ ಹೇಳಬೇಡ' ಎಂದಿದೆ. 'ಅವಳಿಗೆ ಕೊಡು' ಎಂದೂ ಇದೆ. ಕೊನೆಗೆ ಫೋನನ್ನೇ ಅವಳ ಮುಂದೆ ಹಿಡಿದರು.

ಹೆಂಡತಿ ಎರಡು ಸಲ ಓದಿದಳು. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಬಿಗಿಯಿತು. "ನಿಮಗೆ ಯಾಕೆ? ನಾನು ಹೆಂಡತಿ ಇಲ್ವಾ? ನಿಮಗೂ ಅವರಿಗೂ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಕನ್ನಡಕ ಮಾಡಿಸ್ಕೊಂಡಿದ್ದೆ, ಅಷ್ಟೇ ಕಣಮ್ಮ. ನನಗೂ ತಲೆ ಬುಡ ಗೊತ್ತಾಗ್ತಿಲ್ಲ."

"ಅವರ ಫೋನ್ ತೆಗೆಯೋಕೆ ಆಗದೆ ಡ್ರಾಯರಲ್ಲಿ ಬಿದ್ದಿದೆ. ಬ್ಯಾಟರಿ ಸತ್ತು ಯಾವ ಕಾಲ ಆಯ್ತು. ಗಿರಾಕಿಗಳ ಕಣ್ಣಿನ ನಂಬರೆಲ್ಲ ಅದರೊಳಗೇ. ನಾನು ಇಲ್ಲಿ ಕುರುಡಿ ಥರ ಕೂತಿದೀನಿ."

ಪೆಟ್ಟಿಗೆ ಕಪಾಟಿನ ಮೇಲೇ ಇತ್ತು. ಸಾಲುಸಾಲು ಗಾಜುಗಳ ಮೇಲೆ ಮುಚ್ಚಳ, ಅದರ ಮಖಮಲ್ಲಿನ ಹಿಂದೆ ಮಡಿಸಿದ ಹಾಳೆ. ಕೈಬರಹ ಅವರದೇ, ತಾರೀಖು ಎರಡು ವರ್ಷ ಹಿಂದಿನದು. ಮೇಲೆ 'ನಾನಿಲ್ಲದಾಗ' ಎಂದು ಬರೆದು ಅಡಿಗೆರೆ ಎಳೆದಿದ್ದರು. ಫೋನಿನ ಪಿನ್, ಕರೆಂಟು ಬಿಲ್ಲಿನ ಖಾತೆ, ಯಾವ ಖಾತೆಗೆ ಯಾವ ಮೇಲ್. ಆಮೇಲೆ: 'ಪಟ್ಟಿ ಇರುವ ಖಾತೆಗೆ ಅಕ್ಕನ ಹೆಸರು ಹಾಕಿದೆ. ಫೋನ್ ತಯಾರಿಸಿದ ಕಂಪನಿಯ ಖಾತೆಗೆ ಇವಳ ಹೆಸರು. ಆ ಖಾತೆ ತೆರೆಯುವ ಕೀಲಿ-ಕೋಡಿನ ಹಾಳೆ ಹಿಂದೆ ಚುಚ್ಚಿದೆ. ಅದಕ್ಕೆ ಮರಣ ಪ್ರಮಾಣಪತ್ರ ಬೇಕು.'

ಹೆಂಡತಿ ಫೋನ್ ಚಾರ್ಜಿಗೆ ಹಾಕಿ, ಅದು ಎದ್ದ ಮೇಲೆ ಪಿನ್ ಒತ್ತಿದಳು. ತಪ್ಪು. ಮತ್ತೊಮ್ಮೆ, ತಪ್ಪು. "ಕಳೆದ ವರ್ಷ ಬದಲಾಯಿಸಿದ್ರು," ಎಂದು ಅವಳಿಗೆ ಆಗ ನೆನಪಾಯಿತು. "ಹಾಳೆ ತಿದ್ದೋಕೆ ಮರೆತಿದಾರೆ. ಇವರ ಬುದ್ಧಿಗಿಷ್ಟು!" ಎನ್ನುವಾಗ ನಗುತ್ತಿದ್ದಳೋ ಅಳುತ್ತಿದ್ದಳೋ ಅಕ್ಕನಿಗೆ ತಿಳಿಯಲಿಲ್ಲ.

ಹಿಂದೆ ಚುಚ್ಚಿದ ಹಾಳೆ ಬೇರೆ ಬಾಗಿಲಿನದು. ಅದರಿಂದ ಆ ಕಂಪನಿಯಲ್ಲಿ ಉಳಿದ ಫೋಟೊಗಳು ಸಿಗಬಹುದು, ಆದರೆ ಈ ಫೋನಿನ ಬೀಗ ತೆರೆಯುವುದಿಲ್ಲ ಎಂದು ಕೆಳಗೆ ಅವರೇ ಬರೆದಿದ್ದರು.

ಉಳಿದದ್ದು ಹಾಳೆಯಲ್ಲಿ ಬರೆದ 'ಅಕ್ಕ' ಯಾರೆಂಬುದು. ಅಂಗಡಿಯವರಿಗೊಬ್ಬರು ಸ್ವಂತ ಅಕ್ಕ ಬೇರೆ ಊರಿನಲ್ಲಿದ್ದರು. ಹೆಂಡತಿ ಅತ್ತಿಗೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಹೂಂ ಕಣೇ, 'ನಿನ್ನ ಹೆಸರು ಹಾಕಿದೀನಿ ಅಕ್ಕಾ' ಅಂದಿದ್ದ," ಎಂದಿತು ಆ ಕಡೆಯ ದನಿ. "ಆದ್ರೆ ನನಗೆ ಮೇಲೂ ಗೊತ್ತಿಲ್ಲ, ಗೀಲೂ ಗೊತ್ತಿಲ್ಲ. 'ಒಂದು ಮೇಲ್ ಮಾಡಿಕೊಡ್ತೀನಿ' ಅಂದ. ಮಾಡಿದ್ನೋ ಬಿಟ್ನೋ."

"ಅವರ ಫೋನಲ್ಲಿ ನಾನೂ 'ಅಕ್ಕ', ಅವರಕ್ಕನೂ 'ಅಕ್ಕ' ಅಂತಲೇ ಇದ್ದಿರಬಹುದು. ಪಟ್ಟಿಯಲ್ಲಿ ಆರಿಸೋವಾಗ ಕೈ ತಪ್ಪಿರಬೇಕು," ಎಂದರು ಎಕ್ಸ್‌ಚೇಂಜ್ ಅಕ್ಕ.

"ತಪ್ಪಿಲ್ಲದೆ ಇರಬಹುದು," ಎಂದಳು ಹೆಂಡತಿ. "ನಿಮ್ಮ ಬಾಯಿಂದ ಮಾತು ಹೊರಗೆ ಬೀಳಲ್ಲ ಅಂತ ಅವರು ಹೇಳ್ತಾನೇ ಇದ್ರು." ಆದರೆ ಅವಳ ದನಿಯಲ್ಲಿ ಅದು ಪೂರ್ತಿ ಸಮಾಧಾನವಾಗಿರಲಿಲ್ಲ.

ಅತ್ತಿಗೆ ಆ ಕಡೆಯಿಂದ ಕೂಗಿದರು, "ಯಾರ ಹೆಸರಾದ್ರೇನು, ಬೇಗ ತೆಗೀರಿ! ಆಮೇಲೆ ಅದೂ ಹೋದ್ರೆ?"

ಅಕ್ಕ ಮೇಲಿನಲ್ಲಿದ್ದ ಲಿಂಕ್ ಒತ್ತಿದರು. ಯಾವ ಪಾಸ್‌ವರ್ಡನ್ನೂ ಅದು ಕೇಳಲಿಲ್ಲ. ಅಂಗಡಿಯವರು ಖಾತೆಯಲ್ಲಿ ಬರೆದಿಟ್ಟಿದ್ದ ಎಕ್ಸ್‌ಚೇಂಜ್ ಅಕ್ಕನ ಮೊಬೈಲಿಗೆ ಒಂದು ಕೋಡ್ ಬಂತು. ಅದನ್ನು ಹಾಕಿದ ಮೇಲೆ ಇಳಿಸಿಕೊಳ್ಳಬಹುದಾದ ವಸ್ತುಗಳ ಪಟ್ಟಿ ಬಂತು. ಅದರಲ್ಲಿ ಇದ್ದದ್ದು ಕಡತಗಳು ಮಾತ್ರ. ಮೇಲ್‌ಗಳನ್ನು ಅವರು ಹಂಚಿರಲಿಲ್ಲ. ಖಾತೆಯೊಳಗೆ ಹೋಗುವ ದಾರಿಯೂ ಇರಲಿಲ್ಲ.

"ನೀವು ತೆಗೆದು ನೋಡಿ," ಎಂದಳು ಹೆಂಡತಿ.

"ನಾನು ನೋಡಲ್ಲ ಕಣಮ್ಮ. ಇಳಿಸಿ ನಿನಗೆ ಕಳಿಸ್ತೀನಿ. ನೀನು ತೆಗಿ."

ಹೆಂಡತಿ ಅದನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಸಾವಿರಾರು ಸಾಲುಗಳು. ಹೆಸರು, ಫೋನ್ ನಂಬರು, ಎಡಗಣ್ಣು, ಬಲಗಣ್ಣು, ತಾರೀಖು. ಹುಡುಕಿದಾಗ ಗೊಣಗುವ ಮುದುಕರ ಸಾಲು ಸಿಕ್ಕಿತು. ಅದರ ಪಕ್ಕದ ಟಿಪ್ಪಣಿ: 'ಮೂಗಿನ ಮೇಲೆ ಜಾರುತ್ತೆ, ಪ್ಯಾಡ್ ಬಿಗಿ ಮಾಡು.' ಹೆಂಡತಿ ಬೆರಳು ಆ ಸಾಲಿನ ಮೇಲಿಟ್ಟು ಇನ್ನೊಮ್ಮೆ ಓದಿದಳು.

ಆಮೇಲೆ ಮುದುಕರಿಗೆ ಫೋನ್ ಮಾಡಿದಳು. ಅಕ್ಕ ಎದ್ದು ಹೊರಟಾಗ, "ಬರ್ತಾ ಇರಿ," ಎಂದಳು. ಕರೆದಳೋ, ಸಾಗಹಾಕಿದಳೋ.

ಆ ವಾರ ಅಕ್ಕ ತಮ್ಮ ಖಾತೆಯಲ್ಲೂ ಅಂಗಡಿಯವರು ಮಾಡಿದಂತೆ ನಂಬಿಕೆಯ ವ್ಯಕ್ತಿಯನ್ನು ಆರಿಸುವ ಪುಟವನ್ನು ತೆರೆದರು. ಎಷ್ಟು ತಿಂಗಳು ಕಾಯಬೇಕು ಎಂದು ಕೇಳಿತು, ಮೂರು ಎಂದು ಒತ್ತಿದರು. ನಂಬಿಕೆಯ ವ್ಯಕ್ತಿ ಯಾರು ಎಂದು ಕೇಳಿತು. ತಂಗಿಯ ಮಗಳ ಹೆಸರು ಟೈಪ್ ಮಾಡಿ ಅಳಿಸಿದರು. ಮತ್ತೆ ಟೈಪ್ ಮಾಡಿದರು. ಮೊದಲು ಅವಳಿಗೊಂದು ಫೋನ್ ಮಾಡಿ, ಏನು ಎತ್ತ ಅಂತ ಹೇಳಿಬಿಡಬೇಕು, ಕಾರಣ ಸಹಿತ, ಎಂದು ನಂಬರು ಒತ್ತಿದರು. ಆ ಕಡೆ ರಿಂಗಾಗುತ್ತಿದ್ದಾಗ, ಎಷ್ಟೋ ಲಕ್ಷ ಕರೆ ಜೋಡಿಸಿದ ಅವರಿಗೆ, ಹಲೋ ಆದಮೇಲೆ ಯಾವ ಮಾತಿನಿಂದ ಶುರುಮಾಡುವುದೆಂದೇ ಹೊಳೆಯಲಿಲ್ಲ.